ಮೂರನೇ ಲೆಕ್ಕ

ಇವತ್ತ ಆರನೇ ಕ್ಲಾಸಿನ್ಯಾಗ ಬೆಲ್ ಆದಕೂಡ್ಲೆ ಬೋರ್ಡ್ ಮ್ಯಾಲೆ ಮೂರ ಲೆಕ್ಕ ಬರದೆ, ಒಂದು ನಿನ್ನೇದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಪುಸ್ತಕ ಮುಚ್ಚಿ ಐದು ನಿಮಿಷ ಎಲ್ಲಾರೂ ಬರೀಬೇಕು. ಕೈ ಎತ್ತಿಸಿದ್ರ ಅದ ನಾಕ ಹುಡುಗ್ರು ಹೇಳ್ತಾರ, ಉಳದವರು ನೆನಪ ಮಾಡ್ಕೊಳ್ಳೂದ ಇಲ್ಲ.

ಮೂರನೇದು 1/2 + 1/3. ಹೋದ ತಿಂಗಳ ಎಲ್ಲಾರೂ ಸರಿ ಮಾಡಿದ್ರು, ಇವತ್ತ ಹನ್ನೊಂದ ನೋಟಿನ್ಯಾಗ 2/5! ಮ್ಯಾಲಿಂದು ಮ್ಯಾಲೆ, ಕೆಳಗಿಂದು ಕೆಳಗ ಕೂಡಿಸ್ಯಾರ. ಬ್ಯಾಸರ ಆತು ಖರೆ, ಆದ್ರ ಪರೀಕ್ಷೆಕ್ಕಿಂತ ಮೊದ್ಲ ಗೊತ್ತಾತಲ್ಲ.

ಅರ್ಧ ರೊಟ್ಟಿಗೆ ಇನ್ನಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಮ್ಮಿ ಹೆಂಗಾತವಾ? ಅಂದೆ. ಹಿಂದಿನ ಬೆಂಚಿನ ಹುಡುಗಿ ಸುಮ್ನ ಅಳಿಸಿ 3/6, 2/6 ಅಂತ ಬರದು 5/6 ಮಾಡಿದ್ಲು.

ಗದಗ ಬಸ್ಸಿನ್ಯಾಗ ಕುಂತು ಡೈರಿಯೊಳಗ ಬರಕೊಂಡೆ, ಇದ ನಮೂನಿ ಲೆಕ್ಕ ಅಂಕಿ ಬದ್ಲಿಸಿ ನಾಳೆ ಒಮ್ಮೆ, ಮುಂದಿನ ವಾರ ಮತ್ತೊಮ್ಮೆ.