ಮೂರು ಡೆಸಿಬೆಲ್ ಎಲ್ಲಿಂದ ಕೆಳಗೆ?

ಕೋಲಾರದ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಕಿಟಕಿ ತೆರೆದರೆ ಅಂತರಗಂಗೆ ಬೆಟ್ಟದ ಬಂಡೆಗಳು ಕಾಣುತ್ತವೆ. ಅಂದು ಮೂರನೇ ಸೆಮಿಸ್ಟರ್‌ನವರಿಗೆ, ಕಡಿಮೆ ಆವರ್ತನಗಳನ್ನು ಬಿಟ್ಟು ಹೆಚ್ಚಿನವನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಪ್ರಯೋಗ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಆವರ್ತನ ಏರಿಸುತ್ತ ಹೋಗಿ ಹೊರಬರುವ ವೋಲ್ಟೇಜ್ ಬರೆದುಕೊಳ್ಳಬೇಕು, ಸೆಮಿಲಾಗ್ ಹಾಳೆಯಲ್ಲಿ ರೇಖೆ ಎಳೆಯಬೇಕು, ಕಟ್‌ಆಫ್ ಆವರ್ತನವನ್ನೂ ಇಳಿಜಾರನ್ನೂ ಅದರಿಂದ ಓದಬೇಕು.

ಪ್ರತಿ ವರ್ಷ 10 ಕಿಲೋ ಓಮ್ ರೆಸಿಸ್ಟರ್ ಮತ್ತು 10 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡುತ್ತಿದ್ದೆ. ಆ ದಿನ 10 ಕಿಲೋ ಓಮ್‌ನ ಡಬ್ಬಿ ಅರ್ಧಕ್ಕೇ ಖಾಲಿಯಾಯಿತು. ಉಳಿದ ಮೂರು ಮೇಜುಗಳಿಗೆ 100 ಕಿಲೋ ಓಮ್ ಮತ್ತು 1 ನ್ಯಾನೋಫ್ಯಾರಡ್ ಕೊಟ್ಟೆ. ಎರಡರ ಗುಣಲಬ್ಧ ಒಂದೇ ಆದ್ದರಿಂದ ಕಟ್‌ಆಫ್ ಕೂಡ ಒಂದೇ, ಸುಮಾರು 1.6 ಕಿಲೋಹರ್ಟ್ಸ್. ಅದರಿಂದ ಬೇರೇನೂ ಬದಲಾಗುವುದಿಲ್ಲ ಎಂದು ನಂಬಿದ್ದೆ.

ಒಂದು ಗಂಟೆಯ ನಂತರ ಆ ಮೂರು ಮೇಜುಗಳಲ್ಲೊಂದರಿಂದ ಶ್ರೀನಿವಾಸಪುರದ ಕಡೆಯ ಹುಡುಗಿಯೊಬ್ಬಳು ಹಾಳೆ ಹಿಡಿದು ಬಂದಳು. "ಸರ್, ನನಗೆ 1.3 ಕಿಲೋಹರ್ಟ್ಸ್ ಬರುತ್ತಿದೆ. ಮೂರು ಸಲ ಅಳೆದೆ."

"ಕೆಪಾಸಿಟರ್ ಸರಿಯಿಲ್ಲ, ಬದಲಾಯಿಸಮ್ಮ" ಎಂದೆ. ಕಟ್‌ಆಫ್ ಕಡಿಮೆ ಬಂದರೆ ಕೆಪಾಸಿಟರ್ ಮೇಲೆ ನಮೂದಿಸಿದ್ದಕ್ಕಿಂತ ದೊಡ್ಡದಿರಬಹುದು ಎಂಬುದು ತಪ್ಪು ಊಹೆಯೇನಲ್ಲ. ಆದರೆ 1.6 ಕಿಲೋಹರ್ಟ್ಸ್ 1.3ಕ್ಕೆ ಇಳಿಯಬೇಕಾದರೆ ಅದು ಕಾಲು ಭಾಗದಷ್ಟು ಹೆಚ್ಚಿರಬೇಕು. ಐದು ನಿಮಿಷದ ಬಳಿಕ ಅವಳು ಮತ್ತೆ ಬಂದಳು. ಹೊಸ ಕೆಪಾಸಿಟರ್ ಹಾಕಿದರೂ ಅದೇ 1.3. ಹಳೆಯದನ್ನು ತಾನೇ ಎಲ್‌ಸಿಆರ್ ಮೀಟರಿನಲ್ಲಿಟ್ಟು ನೋಡಿದ್ದಳು, 1.00 ನ್ಯಾನೋಫ್ಯಾರಡ್ ತೋರಿಸಿತಂತೆ. ಆಗ ಮಾತ್ರ ನಾನು ಅವಳ ಹಾಳೆಯನ್ನು ನಿಜವಾಗಿ ನೋಡಿದೆ. ಮೊದಲ ಸಲವೇ ನೋಡಬೇಕಿತ್ತು.

ಹಾಳೆ ಅಚ್ಚುಕಟ್ಟಾಗಿತ್ತು. ಅಡ್ಡಕ್ಕೆ ಆವರ್ತನದ ಲಾಗ್ ಅಳತೆ. ಅಂಥ ಹಾಳೆಯಲ್ಲಿ 1ರಿಂದ 2ಕ್ಕೆ ಎಷ್ಟು ಅಂತರವೋ 2ರಿಂದ 4ಕ್ಕೂ ಅಷ್ಟೇ, 4ರಿಂದ 8ಕ್ಕೂ ಅಷ್ಟೇ. ಉದ್ದಕ್ಕೆ ಡೆಸಿಬೆಲ್. ಒಳಗೆ ಕೊಟ್ಟದ್ದು ತುದಿಯಿಂದ ತುದಿಗೆ 10 ವೋಲ್ಟ್, ಅದೇ ಸೊನ್ನೆ ಡೆಸಿಬೆಲ್. ಸೊನ್ನೆಯಿಂದ ಮೂರು ಡೆಸಿಬೆಲ್ ಕೆಳಗೆ ಅಡ್ಡಗೆರೆ ಎಳೆದು, ಅದು ರೇಖೆಯನ್ನು ಕತ್ತರಿಸಿದ ಜಾಗವನ್ನು ಕಟ್‌ಆಫ್ ಎಂದು ಗುರುತಿಸಿದ್ದಳು. ನಾನೇ ಬರೆದು ಹಂಚಿದ್ದ ಸೂಚನಾ ಹಾಳೆಯಲ್ಲಿ ಹಾಗೆಯೇ ಇತ್ತು: "ಹೊರಬರುವ ವೋಲ್ಟೇಜ್ ಒಳಗೆ ಕೊಟ್ಟದ್ದರ 0.707 ಆಗುವ ಆವರ್ತನ."

ಕಣ್ಣು ಹಾಳೆಯ ಎಡತುದಿಗೆ ಹೋಯಿತು. 100 ಹರ್ಟ್ಸ್‌ನಲ್ಲಿ ಈ ಫಿಲ್ಟರ್ ಏನನ್ನೂ ತಡೆಯಬಾರದು, ರೇಖೆ ಸೊನ್ನೆಯ ಮೇಲೆಯೇ ಮಲಗಿರಬೇಕು. ಇಲ್ಲಿ ಅದು ಸೊನ್ನೆಗಿಂತ 0.8 ಡೆಸಿಬೆಲ್‌ನಷ್ಟು ಕೆಳಗೆ ಸಮತಟ್ಟಾಗಿತ್ತು. ಕೋಷ್ಟಕದಲ್ಲಿ 10 ವೋಲ್ಟ್ ಇರಬೇಕಾದಲ್ಲಿ 9.1. ಅವಳು ಅದನ್ನು ಪ್ರಾಮಾಣಿಕವಾಗಿ ಹಾಗೆಯೇ ಬರೆದಿದ್ದಳು. ಸರಿಪಡಿಸಿ ಹತ್ತು ಎಂದು ಬರೆಯದೆ ಇದ್ದುದಕ್ಕೆ ಅವಳನ್ನು ಮನಸಾರೆ ಮೆಚ್ಚಿದೆ, ಏಕೆಂದರೆ ಉತ್ತರ ಆ ಒಂದು ಅಂಕಿಯಲ್ಲಿತ್ತು.

ಆಸಿಲೋಸ್ಕೋಪ್ ತಾನು ಅಳೆಯುವ ಸರ್ಕ್ಯೂಟಿನಿಂದ ಹೊರಗೆ ನಿಲ್ಲುವುದಿಲ್ಲ. ನಮ್ಮ ಪ್ರೋಬ್‌ಗಳು ಒಂದು ಪಟ್ಟಿನ ಸ್ಥಾನದಲ್ಲಿದ್ದವು. ಆಗ ಕೆಪಾಸಿಟರಿಗೆ ಸಮಾನಾಂತರವಾಗಿ ಸ್ಕೋಪಿನ 1 ಮೆಗಾ ಓಮ್ ಬಂದು ಕೂರುತ್ತದೆ. 100 ಕಿಲೋ ಓಮ್ ಮತ್ತು 1 ಮೆಗಾ ಓಮ್ ಸೇರಿ ವೋಲ್ಟೇಜನ್ನು ಹಂಚಿಕೊಂಡರೆ ಹನ್ನೊಂದರಲ್ಲಿ ಹತ್ತು ಪಾಲು ಮಾತ್ರ ಹೊರಗೆ ಸಿಗುತ್ತದೆ, ಅಂದರೆ ಹತ್ತು ವೋಲ್ಟಿಗೆ 9.1. ರೆಸಿಸ್ಟರ್ 10 ಕಿಲೋ ಓಮ್ ಇದ್ದಾಗ ಇದೇ ನಷ್ಟ ನೂರಕ್ಕೆ ಒಂದು ಪಾಲು ಮಾತ್ರ. ಹಾಗಾಗಿ ನನ್ನ ಸೂಚನೆಯ ತಪ್ಪು ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಟ್‌ಆಫ್ ಎಂದರೆ ಫಿಲ್ಟರ್ ತನ್ನದೇ ಸಮತಟ್ಟಾದ ಭಾಗದಿಂದ ಮೂರು ಡೆಸಿಬೆಲ್ ಇಳಿದ ಜಾಗ. ಒಳಗೆ ಕೊಟ್ಟ ವೋಲ್ಟೇಜಿನಿಂದ ಅಲ್ಲ. ಇಲ್ಲಿ ಅಡ್ಡಗೆರೆಯನ್ನು −3ರಲ್ಲಿ ಅಲ್ಲ, −3.8ರಲ್ಲಿ ಎಳೆಯಬೇಕಿತ್ತು. ವೋಲ್ಟೇಜಿನಲ್ಲಿ ಹೇಳುವುದಾದರೆ 7.07 ಅಲ್ಲ, 9.1ರ 0.707, ಅಂದರೆ ಸುಮಾರು 6.4. ಅವಳು ಅದೇ ಹಾಳೆಯಲ್ಲಿ ಹೊಸ ಗೆರೆ ಎಳೆದಳು. ಅದು ರೇಖೆಯನ್ನು 1.6 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿತು.

ಅವಳು ಅಷ್ಟಕ್ಕೆ ಬಿಡಲಿಲ್ಲ. "ಸರ್, ಇಳಿಜಾರು ಕೂಡ ತಪ್ಪಿದೆ. ಆವರ್ತನ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯಬೇಕಲ್ಲವೇ? ನನಗೆ ನಾಲ್ಕೂವರೆ ಬಂದಿದೆ."

ಅವಳು ತೆಗೆದುಕೊಂಡಿದ್ದ ಬಿಂದುಗಳು 2 ಮತ್ತು 4 ಕಿಲೋಹರ್ಟ್ಸ್. ಅಲ್ಲಿ ರೇಖೆ ಇನ್ನೂ ಬಾಗುತ್ತಲೇ ಇರುತ್ತದೆ. ಸಮತಟ್ಟು ಮುಗಿದ ತಕ್ಷಣ ನೇರ ಇಳಿಜಾರು ಶುರುವಾಗುವುದು ಪುಸ್ತಕದ ಅಂದಾಜು ಚಿತ್ರದಲ್ಲಿ ಮಾತ್ರ. ನಿಜವಾದ ರೇಖೆ ನೇರವಾಗಲು ಕಟ್‌ಆಫ್‌ನಿಂದ ಸಾಕಷ್ಟು ದೂರ ಸಾಗಬೇಕು; ಹತ್ತು ಪಟ್ಟು ದಾಟಿದರೆ ಅನುಮಾನವೇ ಇಲ್ಲ. 16 ಕಿಲೋಹರ್ಟ್ಸ್‌ನಲ್ಲಿ ಅವಳ ಅಳತೆ 0.90 ವೋಲ್ಟ್ ಇತ್ತು. 32ರಲ್ಲಿ ಹೊಸದಾಗಿ ಅಳೆಯಲು ಹೇಳಿದೆ, 0.45 ಬಂತು. ಸರಿಯಾಗಿ ಅರ್ಧ, ಅಂದರೆ 6 ಡೆಸಿಬೆಲ್. ಹತ್ತು ಪಟ್ಟಿನ ಲೆಕ್ಕದಲ್ಲಿ ಅದೇ 20 ಡೆಸಿಬೆಲ್.

ಈ ನೇರ ಭಾಗ ಸಿಕ್ಕಿತೆಂದರೆ ಕಟ್‌ಆಫ್ ಪರೀಕ್ಷಿಸಲು ಇನ್ನೊಂದು ದಾರಿಯೂ ಸಿಗುತ್ತದೆ, ಅದು ನನಗೆ ಬಹಳ ಇಷ್ಟ. ಆ ಎರಡು ಬಿಂದುಗಳ ಮೇಲೆ ಸ್ಕೇಲ್ ಇಟ್ಟು ಗೆರೆಯನ್ನು ಎಡಕ್ಕೆ ಮೇಲಕ್ಕೆ ಚಾಚಿಸಿದೆ. ಎಡಗಡೆಯ ಸಮತಟ್ಟಾದ ಭಾಗವನ್ನು ಬಲಕ್ಕೆ ಚಾಚಿಸಿದೆ. ಎರಡೂ ಗೆರೆಗಳು ಸೇರಿದ್ದು 1.6ರ ಹತ್ತಿರವೇ. ಒಂದೇ ಹಾಳೆ ಎರಡು ಬೇರೆ ದಾರಿಗಳಲ್ಲಿ ಒಂದೇ ಅಂಕಿ ಹೇಳಿದರೆ ನಂಬಬಹುದು. ಮೊದಲ ಸಲವೇ ಹೀಗೆ ಮಾಡಿದ್ದರೆ ಕೆಪಾಸಿಟರನ್ನು ದೂರುತ್ತಿರಲಿಲ್ಲ: ಕೆಪಾಸಿಟರ್ ದೊಡ್ಡದಾಗಿದ್ದರೆ ಇಳಿಜಾರಿನ ಗೆರೆ ಕೂಡ ಎಡಕ್ಕೆ ಸರಿದು 1.3ರ ಕಡೆಗೇ ಬೊಟ್ಟು ಮಾಡುತ್ತಿತ್ತು.

ಒಂದು ಸಂಶಯ ನನ್ನಲ್ಲೇ ಉಳಿದಿತ್ತು. ಸ್ಕೋಪ್ ಎಡಭಾಗವನ್ನು ಕೆಳಗೆಳೆದ ಮೇಲೆ ಕಟ್‌ಆಫ್ ಮಾತ್ರ ಹೇಗೆ ಅಲುಗದೆ ಉಳಿಯಿತು? ಲೆಕ್ಕ ಹಾಕಿದಾಗ ಗೊತ್ತಾಯಿತು. ಸ್ಕೋಪಿನ 1 ಮೆಗಾ ಓಮ್‌ನಿಂದಾಗಿ ಕೆಪಾಸಿಟರಿಗೆ ಕಾಣುವ ರೆಸಿಸ್ಟೆನ್ಸ್ 91 ಕಿಲೋ ಓಮ್‌ಗೆ ಇಳಿಯುತ್ತದೆ, ಅದರಿಂದ ಕಟ್‌ಆಫ್ ಮೇಲೇರಬೇಕು. ಆದರೆ ಪ್ರೋಬ್ ಕೇಬಲ್ ಮತ್ತು ಸ್ಕೋಪ್ ಸೇರಿ ಸುಮಾರು 100 ಪಿಕೋಫ್ಯಾರಡ್ ಕೂಡಿಸುತ್ತವೆ, 1 ನ್ಯಾನೋಫ್ಯಾರಡ್ 1.1 ಆಗುತ್ತದೆ, ಅದರಿಂದ ಕಟ್‌ಆಫ್ ಇಳಿಯಬೇಕು. ಎರಡೂ ಒಂದನ್ನೊಂದು ಹೊಡೆದುಹಾಕಿದ್ದವು. ಇದು ಕೇವಲ ಆಕಸ್ಮಿಕ, ಬೇರೆ ಬೆಲೆಗಳಿದ್ದರೆ ಹೀಗಾಗಬೇಕೆಂದಿಲ್ಲ.

ಅವಳ ಪ್ರೋಬಿನ ಗುಂಡಿಯನ್ನು ಹತ್ತು ಪಟ್ಟಿಗೆ ಸರಿಸಿ, ಚೌಕ ತರಂಗದಲ್ಲಿ ಅದರ ಟ್ರಿಮ್ಮರ್ ಸರಿಮಾಡಿ, ಸ್ಕೋಪಿನಲ್ಲೂ ಹತ್ತು ಪಟ್ಟು ಆಯ್ಕೆ ಮಾಡಿ ಕೊಟ್ಟೆ. ಈಗ ಸರ್ಕ್ಯೂಟಿಗೆ ಕಾಣುವುದು 10 ಮೆಗಾ ಓಮ್. 100 ಹರ್ಟ್ಸ್‌ನಲ್ಲಿ 9.9 ವೋಲ್ಟ್ ಬಂತು. ಅದರ 0.707, ಅಂದರೆ 7 ವೋಲ್ಟ್, 1.58 ಕಿಲೋಹರ್ಟ್ಸ್‌ನಲ್ಲಿ ಸಿಕ್ಕಿತು.

ಉಳಿದ ಎರಡು ಮೇಜಿನವರು ಅಷ್ಟರಲ್ಲಿ ರೆಕಾರ್ಡ್ ಬರೆದು ಮುಗಿಸಿದ್ದರು. ಇಬ್ಬರ ಕೋಷ್ಟಕದಲ್ಲೂ 100 ಹರ್ಟ್ಸ್‌ನ ಎದುರು 10.0 ಎಂದಿತ್ತು, ಕಟ್‌ಆಫ್ 1.6 ಎಂದಿತ್ತು. ಪಕ್ಕದ ಮೇಜಿನ ಉತ್ತರಕ್ಕೆ ಹೊಂದುವಂತೆ ತಿದ್ದಿದ್ದರು. ಅವರನ್ನು ಗದರಲು ನನಗೆ ಬಾಯಿ ಬರಲಿಲ್ಲ, ತಪ್ಪು ಸೂಚನೆ ಕೊಟ್ಟವನು ನಾನೇ. ಸರ್ಕ್ಯೂಟ್ ಬಿಚ್ಚಬೇಡಿ, ಮತ್ತೊಮ್ಮೆ ಅಳೆಯಿರಿ, ಈ ಸಲ ಮೊದಲು ಎಡತುದಿಯ ಅಂಕಿ ಬರೆಯಿರಿ ಎಂದೆ. ಬಸ್ಸಿಗೆ ಹೊತ್ತಾಗುತ್ತದೆಂದು ಒಬ್ಬ ಹೇಳಿದ, ಆದರೂ ಕುಳಿತು ಅಳೆದ. ಅವನ ಹಾಳೆಯಲ್ಲೂ 9.1 ಬಂತು.