ನಗದು ಪುಸ್ತಕ ಯಾರು ಬರೆಯಬೇಕಿತ್ತು?

ನಾನು ಸಿಬ್ಬಂದಿ ಶಾಖೆಯ ಎಫ್‌ಡಿಎ. ಕಚೇರಿ ಆದೇಶಗಳ ಕರಡು ಹೆಚ್ಚಾಗಿ ನನ್ನ ಟೇಬಲ್‌ನಿಂದಲೇ ಹೋಗುತ್ತದೆ. ನಮ್ಮ ಆಗಿನ ಸಾಹೇಬರು ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಬರೆದು, ಸಂಜೆ ಐದಕ್ಕೆ ಕಳಿಸಿ, "ಕನ್ನಡದಲ್ಲಿ ಹೊರಡಿಸಿ, ಇವತ್ತೇ" ಅನ್ನುವವರು. ಆ ಅವಸರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ನಗದು ಪುಸ್ತಕದ ಆದೇಶವನ್ನು ಕನ್ನಡಕ್ಕೆ ತರುವಾಗ ನಾನು ಮಾಡಿದ ತಪ್ಪು ಅವಸರದಿಂದ ಆದದ್ದಲ್ಲ. ಎರಡು ದಿನ ಕೊಟ್ಟಿದ್ದರೂ ನಾನು ಹಾಗೇ ಬರೆಯುತ್ತಿದ್ದೆ.

ಅಧೀಕ್ಷಕರು 31ನೇ ತಾರೀಖು ಅಪರಾಹ್ನ ನಿವೃತ್ತರಾದರು. ಅವರ ಪ್ರಭಾರ ಲೆಕ್ಕ ಶಾಖೆಯ ಎಫ್‌ಡಿಎಗೆ. ಆ ಎಫ್‌ಡಿಎ ಹತ್ತಿರ ಇದ್ದ ನಗದು ಪುಸ್ತಕ ಟಪಾಲು ಶಾಖೆಯ ಎಸ್‌ಡಿಎಗೆ. ಸಾಹೇಬರ ಇಂಗ್ಲಿಷ್ ಕರಡಿನಲ್ಲಿ ಇದೆಲ್ಲ ಒಂದೇ ವಾಕ್ಯ. ಕೊನೆಯಲ್ಲಿ ಒಂದು ಬಾಲ: 'ವಿಚ್ ಶಾಲ್ ಬಿ ಅಟೆಂಡೆಡ್ ಟು ಬೈ ದಿ ಎಸ್‌ಡಿಎ, ಟಪಾಲ್ ಸೆಕ್ಷನ್'. ಮೂಲದಲ್ಲಿ ಒಂದು ವಾಕ್ಯ ಇದ್ದರೆ ಕನ್ನಡದಲ್ಲೂ ಒಂದೇ ಇರಬೇಕು, ಒಡೆದರೆ ಅರ್ಥ ಬದಲಾಯಿಸಿದ ಹಾಗೆ ಅಂತ ನಾನು ನಂಬಿದ್ದೆ. ಹಾಗಾಗಿ ಹೀಗೆ ಬರೆದೆ:

"ಅಧೀಕ್ಷಕರು ದಿನಾಂಕ 31ರ ಅಪರಾಹ್ನ ನಿವೃತ್ತಿ ಹೊಂದಿದ ಪರಿಣಾಮವಾಗಿ, ಟಪಾಲು ಶಾಖೆಯ ದ್ವಿತೀಯ ದರ್ಜೆ ಸಹಾಯಕರಿಂದ ನಿರ್ವಹಿಸಲ್ಪಡತಕ್ಕ ನಗದು ಪುಸ್ತಕದ ಕೆಲಸದಿಂದ ಬಿಡುಗಡೆಗೊಳಿಸಲ್ಪಟ್ಟ ಲೆಕ್ಕ ಶಾಖೆಯ ಪ್ರಥಮ ದರ್ಜೆ ಸಹಾಯಕರು, ತಮ್ಮ ಸ್ವಂತ ಕರ್ತವ್ಯಗಳಿಗೆ ಹೆಚ್ಚುವರಿಯಾಗಿ, ಮುಂದಿನ ಆದೇಶದವರೆಗೆ, ಸಕ್ಷಮ ಪ್ರಾಧಿಕಾರದ ಅನುಮೋದನೆಗೆ ಒಳಪಟ್ಟು, ಅಧೀಕ್ಷಕರ ಹುದ್ದೆಯ ಪ್ರಭಾರದಲ್ಲಿ ಈ ಮೂಲಕ ಇರಿಸಲ್ಪಟ್ಟಿದ್ದಾರೆ."

ಸಹಿ ಆಯಿತು. ನನಗೆ ಸಮಾಧಾನವೂ ಆಗಿತ್ತು. ಇಂಗ್ಲಿಷ್‌ನ ಒಂದು ಪದವನ್ನೂ ಬಿಟ್ಟಿರಲಿಲ್ಲ, ಅಲ್ವಾ?

ನಾಲ್ಕನೇ ತಾರೀಖು ಬೆಳಿಗ್ಗೆ ಸಾಹೇಬರು ನಗದು ಪುಸ್ತಕ ತರಿಸಿದರು. ಮೂರು ದಿನದ ಪುಟ ಖಾಲಿ. ರಸೀದಿ ಪುಸ್ತಕದಲ್ಲಿ ಮಾತ್ರ 1,840 ರೂಪಾಯಿ ಬಂದ ಲೆಕ್ಕ ಇದೆ. ಹಣ ಪೆಟ್ಟಿಗೆಯಲ್ಲೇ ಇತ್ತು, ಒಂದು ರೂಪಾಯಿ ಕಡಿಮೆಯಿಲ್ಲ. ಆದರೆ ಚಲನ್ ಬರೆದಿಲ್ಲ, ಖಜಾನೆಗೆ ಜಮಾ ಮಾಡಿಲ್ಲ. ಹಣದ ಹೊಣೆ ಹೊತ್ತ ಅಧಿಕಾರಿ, ಅಂದರೆ ಡಿಡಿಓ, ಸಹಿ ಹಾಕಬೇಕಾದ ಪುಟದಲ್ಲಿ ಏನೂ ಇಲ್ಲ.

ಮೂವರನ್ನೂ ಚೇಂಬರಿಗೆ ಕರೆದರು. ಲೆಕ್ಕ ಶಾಖೆಯವರು, "ನನ್ನನ್ನ ಬಿಡುಗಡೆ ಮಾಡಿದೆ ಅಂತ ಆದೇಶದಲ್ಲೇ ಇದೆ ಸರ್" ಅಂದರು. ಟಪಾಲಿನ ಹುಡುಗ ಒಂದು ಮಾತೂ ಆಡಲಿಲ್ಲ. ಸಾಹೇಬರು ಅಲ್ಲೇ ಕಾರಣ ಕೇಳಿ ನೋಟಿಸ್ ಕೊಡಲು ಹೇಳಿದರು, ಆ ಹುಡುಗನಿಗೆ. ಅದನ್ನೂ ನಾನೇ ಟೈಪ್ ಮಾಡಿದೆ. 'ಉಲ್ಲೇಖಿತ ಆದೇಶದಂತೆ ನಗದು ಪುಸ್ತಕ ನಿರ್ವಹಿಸದೆ ಕರ್ತವ್ಯಲೋಪ ಎಸಗಿರುತ್ತೀರಿ' ಅಂತ ಬರೆಯುವಾಗ ನನ್ನ ಕೈ ಎಲ್ಲೂ ನಿಲ್ಲಲಿಲ್ಲ. ನೆನೆದರೆ ಈಗಲೂ ನೋವಾಗುವುದು ಇದೇ.

ಮಾರನೇ ದಿನ ಅವನ ಉತ್ತರ ಬಂತು. ಕೈಬರಹ, ನಾಲ್ಕು ಸಾಲು. ಸದರಿ ಆದೇಶದಲ್ಲಿ ತನಗೆ ಯಾವ ಕೆಲಸವನ್ನೂ ವಹಿಸಿಲ್ಲ, ಲೆಕ್ಕ ಶಾಖೆಯವರನ್ನು ಪ್ರಭಾರದಲ್ಲಿ ಇರಿಸಿರುವ ವಿಷಯ ಮಾತ್ರ ಇದೆ ಅಂತ. ಓದಿದ ಕೂಡಲೇ ಸಿಟ್ಟು ಬಂತು. ಆದೇಶದ ಪ್ರತಿ ತೆಗೆದು ಅವನ ಹೆಸರಿನ ಕೆಲಸ ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋಣ ಅಂತ ಹೊರಟೆ. 'ನಿರ್ವಹಿಸಲ್ಪಡತಕ್ಕ' ಅನ್ನುವ ಕಡೆ ಬೆರಳು ನಿಂತಿತು. ಅಲ್ಲಿ ಅವನಿಗೆ ಆದೇಶ ಇರಲಿಲ್ಲ. ಅದು ನಗದು ಪುಸ್ತಕಕ್ಕೆ ಅಂಟಿಸಿದ ವಿಶೇಷಣ, ಅಷ್ಟೇ.

ಇಂಗ್ಲಿಷ್‌ನ ಆ 'ವಿಚ್' ವಾಕ್ಯದ ಕೊನೆಗೆ ಬಂದು ಹೊಸ ಅಪ್ಪಣೆಯನ್ನೇ ಸೇರಿಸಬಲ್ಲದು. ಕನ್ನಡದಲ್ಲಿ ಅದನ್ನು ನಾಮಪದಕ್ಕಿಂತ ಮೊದಲು ತಂದರೆ ಅಪ್ಪಣೆ ಸತ್ತುಹೋಗುತ್ತದೆ. 'ಇವರು ಬರೆಯಬೇಕಾದ ಪುಸ್ತಕ' ಅಂದರೆ ಯಾವ ಪುಸ್ತಕ ಅಂತ ಗುರುತು ಹೇಳಿದ ಹಾಗೆ. ಅವರಿಗೆ ಬರೆಯಿರಿ ಅಂತ ಹೇಳಿದ ಹಾಗಲ್ಲ. ಕನ್ನಡದ ಆದೇಶದಲ್ಲಿ ಅಪ್ಪಣೆ ಇರುವುದು ಕೊನೆಯ ಕ್ರಿಯಾಪದದಲ್ಲಿ. ನನ್ನ ವಾಕ್ಯದ ಕೊನೆಯ ಕ್ರಿಯಾಪದ ಲೆಕ್ಕ ಶಾಖೆಯವರದು. ಹುಡುಗನದಲ್ಲ.

ಅದೇ ಕಣ್ಣಿನಿಂದ ಮತ್ತೆ ಓದಿದರೆ ಬೇರೆ ತಪ್ಪುಗಳೂ ಕಂಡವು. 'ಸ್ವಂತ ಕರ್ತವ್ಯ' ಅಂದರೆ ಮನೆ ಕೆಲಸ ಅನ್ನುವ ಹಾಗೆ ಕೇಳುತ್ತದೆ. ನಮ್ಮ ಕಚೇರಿಗಳಲ್ಲಿ ಅದಕ್ಕೆ 'ಹಾಲಿ ಕರ್ತವ್ಯ' ಅನ್ನುತ್ತೇವೆ. 'ಈ ಮೂಲಕ' ಬೇಡವೇ ಬೇಡ, 'ಆದೇಶಿಸಿದೆ' ಅಂದಮೇಲೆ ಅದು ಮುಗಿಯಿತು. 'ಇರಿಸಲ್ಪಟ್ಟಿದ್ದಾರೆ' ಕೂಡ ಬೇಡ. ಯಾರು ಮಾಡಿದರು ಅಂತ ಹೇಳದೆ ಬರೆಯಲು ನಮಗೆ 'ವಹಿಸಿದೆ', 'ಬಿಡುಗಡೆಗೊಳಿಸಿದೆ', 'ಲಗತ್ತಿಸಿದೆ' ಇವೆ. ದಿನಾ ಬಳಸುತ್ತೇವೆ, ಅನುವಾದಕ್ಕೆ ಕೂತಾಗ ಮಾತ್ರ ಮರೆಯುತ್ತೇವೆ. ಇನ್ನು 'ಅನುಮೋದನೆಗೆ ಒಳಪಟ್ಟು'. ಸಾಹೇಬರ ಮನಸ್ಸಿನಲ್ಲಿ ಅದು ಪ್ರಭಾರಕ್ಕೆ ಮಾತ್ರ. ನನ್ನ ವಾಕ್ಯ ಓದಿದವರು ಅನುಮೋದನೆ ಬರುವವರೆಗೆ ಎಲ್ಲವೂ ಹಾಗೇ ಇರಲಿ ಅಂತಲೂ ತಿಳಿಯಬಹುದಿತ್ತು.

ಹೊಸ ಕರಡು ಮಾಡಿದೆ. ಈ ಸಲ ಇಂಗ್ಲಿಷ್ ಹಾಳೆಯನ್ನು ಪಕ್ಕಕ್ಕೆ ಮಗುಚಿಟ್ಟೆ. ಯಾರಿಗೆ ಏನು ಹೇಳಬೇಕು ಅಂತ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಆಮೇಲೆ ಬರೆದೆ:

"ಈ ಕಚೇರಿಯ ಅಧೀಕ್ಷಕರು ದಿನಾಂಕ 31ರ ಅಪರಾಹ್ನ ವಯೋನಿವೃತ್ತಿ ಹೊಂದಿರುವುದರಿಂದ ಸದರಿ ಹುದ್ದೆ ತೆರವಾಗಿರುತ್ತದೆ.

1. ಈ ಹುದ್ದೆಯ ಪ್ರಭಾರವನ್ನು ಲೆಕ್ಕ ಶಾಖೆಯ ಪ್ರಥಮ ದರ್ಜೆ ಸಹಾಯಕರಿಗೆ ಅವರ ಹಾಲಿ ಕರ್ತವ್ಯಗಳ ಜೊತೆಗೆ ಮುಂದಿನ ಆದೇಶದವರೆಗೆ ವಹಿಸಿ ಆದೇಶಿಸಿದೆ. ಈ ವ್ಯವಸ್ಥೆಯು ಸಕ್ಷಮ ಪ್ರಾಧಿಕಾರದ ಅನುಮೋದನೆಗೆ ಒಳಪಟ್ಟಿರುತ್ತದೆ.

2. ಇವರನ್ನು ನಗದು ಪುಸ್ತಕದ ಕೆಲಸದಿಂದ ಬಿಡುಗಡೆಗೊಳಿಸಿದೆ.

3. ಟಪಾಲು ಶಾಖೆಯ ದ್ವಿತೀಯ ದರ್ಜೆ ಸಹಾಯಕರು ನಗದು ಪುಸ್ತಕವನ್ನು ಕೂಡಲೇ ವಹಿಸಿಕೊಂಡು ನಿರ್ವಹಿಸತಕ್ಕದ್ದು."

'ತಕ್ಕದ್ದು' ಒಂದೇ ಕಡೆ ಇದೆ ನೋಡಿ. ಕೆಲಸ ಮಾಡಬೇಕಾದವನ ಮುಂದೆ. ಇಂಗ್ಲಿಷ್‌ನಲ್ಲಿ ಎಷ್ಟು 'ಶಾಲ್' ಇದೆಯೋ ಅಷ್ಟು 'ತಕ್ಕದ್ದು' ಹಾಕುತ್ತಾ ಹೋದರೆ ಯಾವುದು ಅಪ್ಪಣೆ, ಯಾವುದು ಮಾಹಿತಿ ಅಂತಲೇ ತಿಳಿಯುವುದಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನಿಯಮದ ಪಠ್ಯವನ್ನೇ ಉದ್ಧರಿಸುವಾಗ ನಾನು ಹೀಗೆ ಒಡೆಯುವುದಿಲ್ಲ. ಪ್ರಕಟವಾದ ಕನ್ನಡ ಪಠ್ಯ ಇದ್ದರೆ ಅದನ್ನೇ ಇಡುತ್ತೇನೆ. ಒಡೆಯುವ ಸ್ವಾತಂತ್ರ್ಯ ನಮ್ಮ ಕಚೇರಿಯ ಆದೇಶಕ್ಕೆ ಮಾತ್ರ.

ಸಹಿಗೆ ಕಳಿಸುವ ಮೊದಲು ಕರಡನ್ನು ಹುಡುಗನ ಟೇಬಲ್‌ಗೆ ತೆಗೆದುಕೊಂಡು ಹೋದೆ. ಓದಿ ನಿನ್ನ ಕೆಲಸ ಏನು ಹೇಳು ಅಂದೆ. ಅವನು ಮೇಲಿನದ್ದೆಲ್ಲ ಬಿಟ್ಟು ನೇರವಾಗಿ ಮೂರನೇ ಕಂಡಿಕೆಗೆ ಹೋದ. "ನಗದು ಪುಸ್ತಕ ನಾನು ಬರೀಬೇಕು ಮೇಡಂ" ಅಂದ. ಸ್ವಲ್ಪ ಸುಮ್ನಿದ್ದು, "ಇದನ್ನ ಮೊದಲೇ ಕೊಟ್ಟಿದ್ರೆ ಬರೀತಿದ್ದೆ" ಅಂದ. ನಾನು ಅವನ ಕ್ಷಮೆ ಕೇಳಿದೆ. ಆಮೇಲೆ, ತಪ್ಪು ನನ್ನ ಕರಡಿನದು ಅಂತ ಟಿಪ್ಪಣಿಯಲ್ಲೂ ಬರೆದೆ. ಸಾಹೇಬರು ಅವನ ಉತ್ತರದ ಮೇಲೆ 'ವಿವರಣೆ ಒಪ್ಪಿದೆ, ಕೈಬಿಡಿ' ಅಂತ ಷರಾ ಹಾಕಿದರು. ನನ್ನ ಟಿಪ್ಪಣಿಯ ಮೇಲೆ ಏನೂ ಬರೆಯಲಿಲ್ಲ. ಕಡತ ವಾಪಸ್ ಬಂದಾಗ ನೋಟಿಸ್ ಕೂಡ ಅದರಲ್ಲೇ ಇತ್ತು. ಕೆಳಗೆ ಟೈಪ್ ಮಾಡಿದವರ ಜಾಗದಲ್ಲಿ ನನ್ನ ಇನಿಶಿಯಲ್.