ಹಲಗಿ ಬಾರಿಸೋ ಕೋಲು ಯಾಕೆ ಕಟಕಟ ಜಿಗಿಯುತ್ತದೆ?

"ಅಣ್ಣಾ, ನಿಮ್ಮ ಹೋಳಿ ವಿಡಿಯೋದಾಗ ಹಲಗಿ ಬಾರಿಸೋದು ಸಿನಿಮಾ ಹಂಗ ಕಾಣ್ತದ. ನಾವು ಅಲ್ಲೇ ನಿಂತು ಮೊಬೈಲ್‌ದಾಗ ತೆಗದ್ರ ಕೋಲು ಕಟಕಟ ಜಿಗಿದಂಗ ಕಾಣ್ತದಲ್ರೀ. ಶಟರ್ ಎಷ್ಟ್ ಇಡ್ತೀರಿ?"

1/50. ಸೆಕೆಂಡಿಗೆ 25 ಫ್ರೇಮ್ ತೆಗೆಯುತ್ತೇನೆ, ಅದಕ್ಕೇ 1/50. ಫ್ರೇಮ್ ಸಂಖ್ಯೆಯನ್ನು ಎರಡರಷ್ಟು ಮಾಡಿ ಕೆಳಗೆ ಬರೆದರೆ ಆಯಿತು. ಆದರೆ ಇಷ್ಟೇ ಹೇಳಿ ಕಳಿಸಿದವರೆಲ್ಲ ಮಾರನೇ ದಿನ ವಾಪಸ್ ಬರುತ್ತಾರೆ, "ವಿಡಿಯೋ ಪೂರ್ತಿ ಬೆಳ್ಳಗಾಗೇತಿ" ಎಂದು. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ.

ಬಾಗಲಕೋಟೆಯ ಹೋಳಿಯನ್ನೇ ತೆಗೆದುಕೊಳ್ಳಿ. ಮಾರ್ಚ್ ತಿಂಗಳ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಹಲಗಿ ಬಾರಿಸುವವನ ಕೋಲಿನ ತುದಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಿದೆ ಎಂದು ಇಟ್ಟುಕೊಳ್ಳೋಣ. 25 ಫ್ರೇಮ್ ಅಂದರೆ ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಕೋಲು 20 ಸೆಂಟಿಮೀಟರ್ ಸರಿದಿರುತ್ತದೆ. ಶಟರ್ 1/50 ಇದ್ದರೆ, ಅದು ತೆರೆದಿದ್ದಷ್ಟು ಹೊತ್ತು ಕೋಲು 10 ಸೆಂಟಿಮೀಟರ್ ಓಡುತ್ತದೆ, ಆ ದಾರಿ ಚಿತ್ರದಲ್ಲಿ ತೆಳು ಮಬ್ಬು ಗೆರೆಯಾಗಿ ಉಳಿಯುತ್ತದೆ. ಆಮೇಲೆ 10 ಸೆಂಟಿಮೀಟರ್ ಖಾಲಿ. ಮುಂದಿನ ಫ್ರೇಮ್‌ನಲ್ಲಿ ಮತ್ತೆ ಗೆರೆ. ಅರ್ಧ ಗೆರೆ, ಅರ್ಧ ಖಾಲಿ. ಕಣ್ಣು ಆ ಖಾಲಿ ಜಾಗವನ್ನು ತಾನೇ ತುಂಬಿಕೊಂಡುಬಿಡುತ್ತದೆ.

ಈಗ ನಿಮ್ಮ ಮೊಬೈಲ್ ಆಟೋದಲ್ಲಿದೆ. ಬಿಸಿಲು ಜಾಸ್ತಿ ಎಂದು ಅದು ಶಟರನ್ನು 1/2000ಕ್ಕೆ ಏರಿಸುತ್ತದೆ. ಅಷ್ಟರಲ್ಲಿ ಕೋಲು ಓಡುವುದು ಎರಡೂವರೆ ಮಿಲಿಮೀಟರ್ ಮಾತ್ರ. ಚಿತ್ರ ಒಂದೊಂದೂ ಕತ್ತರಿಸಿಟ್ಟ ಹಾಗೆ ಸ್ಪಷ್ಟ. ಆದರೆ ನಡುವೆ ಹೆಚ್ಚುಕಡಿಮೆ 20 ಸೆಂಟಿಮೀಟರ್ ಪೂರ್ತಿ ಖಾಲಿ. ಅದನ್ನು ಕಣ್ಣು ತುಂಬಿಕೊಳ್ಳಲಾರದು. ಇಲ್ಲೊಂದು ಕೋಲು, ಅಲ್ಲೊಂದು ಕೋಲು, ನಡುವೆ ಏನೂ ಇಲ್ಲ. ನಿಮಗೆ ಕಟಕಟ ಅನ್ನಿಸುವುದು ಇದೇ. ಬಂಡಿಯ ಮೇಲಿನ ಬ್ಯಾರಲ್‌ನಿಂದ ಎರಚಿದ ಬಣ್ಣದ ನೀರೂ ಅಷ್ಟೇ: 1/50ರಲ್ಲಿ ನೀರು ನೀರಾಗಿ ಹರಿಯುತ್ತದೆ, 1/2000ರಲ್ಲಿ ಗಾಳಿಯಲ್ಲಿ ಗಾಜಿನ ಮಣಿ ಚೆಲ್ಲಿದ ಹಾಗೆ ಕಾಣುತ್ತದೆ. ಇನ್ನೊಂದು ತುದಿಗೆ ಹೋಗಿ 1/25 ಇಟ್ಟರೆ ಖಾಲಿ ಜಾಗವೇ ಇರುವುದಿಲ್ಲ, ಗೆರೆಗೆ ಗೆರೆ ಅಂಟಿ ಎಲ್ಲ ಅಂಬಲಿ.

ಈ ಅರ್ಧ ಗೆರೆ, ಅರ್ಧ ಖಾಲಿಯ ಲೆಕ್ಕಕ್ಕೆ 180 ಡಿಗ್ರಿ ಶಟರ್ ಆಂಗಲ್ ಎನ್ನುತ್ತಾರೆ. ಆ ಹೆಸರು ಹಳೆಯ ಫಿಲ್ಮ್ ಕ್ಯಾಮೆರಾದ್ದು. ಅದರಲ್ಲಿ ಲೆನ್ಸ್ ಹಿಂದೆ ಒಂದು ತಟ್ಟೆ ತಿರುಗುತ್ತಿತ್ತು, ಫ್ರೇಮಿಗೆ ಒಂದು ಸುತ್ತು. ತಟ್ಟೆಯ ಅರ್ಧ ಭಾಗ ಕತ್ತರಿಸಿರುತ್ತಿತ್ತು, ಅಂದರೆ 360 ಡಿಗ್ರಿಯಲ್ಲಿ 180 ತೆರೆದದ್ದು. ತೆರೆದ ಅರ್ಧ ಬಂದಾಗ ಬೆಳಕು ಫಿಲ್ಮಿಗೆ ಬೀಳುತ್ತಿತ್ತು, ಮುಚ್ಚಿದ ಅರ್ಧ ಬಂದಾಗ ಕತ್ತಲೆಯಲ್ಲಿ ಫಿಲ್ಮನ್ನು ಮುಂದಿನ ಫ್ರೇಮಿಗೆ ಎಳೆಯುತ್ತಿದ್ದರು. ಯಂತ್ರಕ್ಕೆ ಆ ಪುರುಸೊತ್ತು ಬೇಕೇ ಬೇಕಿತ್ತು. ಅಂದರೆ ಈ ಅರ್ಧದ ಲೆಕ್ಕ ಬರೀ ಅಂದಕ್ಕೆ ಹುಟ್ಟಿದ್ದಲ್ಲ. ನೋಡೀ ನೋಡೀ ನಮ್ಮ ಕಣ್ಣಿಗೆ ಅದೇ ರೂಢಿಯಾಯಿತು. ಲೆಕ್ಕ ಬೇಕಾದವರಿಗೆ:

```
ಶಟರ್ ಸಮಯ = ಆಂಗಲ್ ÷ (360 × ಫ್ರೇಮ್ ದರ)
180 ÷ (360 × 25) = 1/50
```

ಈಗ ಆ ಬೆಳ್ಳಗಾಗುವ ವಿಷಯ. ನಿಜವಾದ ಕಷ್ಟ ಇಲ್ಲೇ ಇರುವುದು. ಐಎಸ್‌ಒ 100, ಶಟರ್ 1/50 ಇಟ್ಟರೆ ನಮ್ಮ ಮಧ್ಯಾಹ್ನದ ಬಿಸಿಲಿಗೆ ಅಪರ್ಚರ್ ಸುಮಾರು f/22 ಬೇಕು. ಅಷ್ಟು ಸಣ್ಣ ತೂತಿನಲ್ಲಿ ಚಿತ್ರದ ಚೂಪು ಹೋಗುತ್ತದೆ, ಹಿಂದಿನ ಗದ್ದಲವೆಲ್ಲ ಫೋಕಸ್‌ನಲ್ಲಿ ಬಂದು ಕೂರುತ್ತದೆ. ನನಗೆ f/2.8 ಬೇಕು. f/22ರಿಂದ ಅಲ್ಲಿಗೆ ಆರು ಸ್ಟಾಪ್, ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟು, ಒಟ್ಟು ಅರವತ್ನಾಲ್ಕರಷ್ಟು. ಅಷ್ಟು ಬೆಳಕನ್ನು ಹೊರಗೇ ತಡೆಯಬೇಕು, ಅದಕ್ಕೆ ಎನ್‌ಡಿ64 ಫಿಲ್ಟರ್. ಲೆನ್ಸಿಗೆ ಹಾಕುವ ಕರೀ ಕನ್ನಡಕ ಎನ್ನಿ, ಅರವತ್ನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬಿಡುತ್ತದೆ.

ಮೊಬೈಲ್‌ಗೆ ಇದು ಇನ್ನೂ ಜಾಸ್ತಿ ಬೇಕು. ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ. f/1.8 ಲೆನ್ಸ್, ಐಎಸ್‌ಒ 50 ಎಂದರೂ ಅದೇ ಬಿಸಿಲಲ್ಲಿ ಶಟರ್ 1/4000ರ ಹತ್ತಿರ ಹೋಗಬೇಕಾಗುತ್ತದೆ. ಮುಂದೆ ಎನ್‌ಡಿ64 ಕ್ಲಿಪ್ ಹಾಕಿದರೆ 1/60ರ ಆಸುಪಾಸಿಗೆ ಇಳಿಯುತ್ತದೆ. ಸಾಕು. ಫಿಲ್ಟರ್ ಹಾಕಿದ ಮೇಲೆ ಪ್ರೊ ಮೋಡ್‌ನಲ್ಲಿ ಶಟರ್ ಲಾಕ್ ಮಾಡಿ, ವೈಟ್ ಬ್ಯಾಲೆನ್ಸ್ ಕೂಡ ಆಗಲೇ ಹೊಂದಿಸಿ. ಅಗ್ಗದ ಗಾಜು ಚಿತ್ರಕ್ಕೆ ಕಂದು ಛಾಯೆ ಕೊಡುತ್ತದೆ, ಹೋಳಿಯಲ್ಲಿ ಗುಲಾಬಿ ಬಣ್ಣ ಇಟ್ಟಿಗೆ ಬಣ್ಣವಾದರೆ ಹೇಗೆ? ತಿರುಗಿಸಿ ಕಡಿಮೆ-ಜಾಸ್ತಿ ಮಾಡುವ ಫಿಲ್ಟರ್ ಇದ್ದರೆ ಕೊನೆಯವರೆಗೆ ತಿರುಗಿಸಬೇಡಿ, ಚಿತ್ರದ ಮೇಲೆ ಕರೀ ಗುಣಾಕಾರ ಚಿಹ್ನೆಯಂಥ ನೆರಳು ಬರುತ್ತದೆ.

ನಾನೂ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ವಿಜಯಪುರದಲ್ಲಿ ಒಂದು ಮದುವೆ, 30 ಫ್ರೇಮ್ ಇತ್ತು, ನಿಯಮ ಎಂದರೆ ನಿಯಮ ಎಂದು 1/60 ಇಟ್ಟೆ. ಮನೆಗೆ ಬಂದು ನೋಡಿದರೆ ಟ್ಯೂಬ್‌ಲೈಟ್ ಕೆಳಗಿನ ಅಕ್ಷತೆ ಪೂರ್ತಿ ಕಪ್ಪು ಪಟ್ಟಿಗಳು ಮೆಲ್ಲಗೆ ಹರಿದಾಡುತ್ತಿವೆ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50ರಲ್ಲಿ ಸರಿಯಾಗಿ ಎರಡು ಮಿನುಗು ಹಿಡಿಯುತ್ತವೆ. 1/60ರಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ, ಆ ಅರೆಬರೆ ಮಿನುಗೇ ಪಟ್ಟಿಯಾಗುತ್ತದೆ. ಈಗ ಒಳಗೆ 30 ಫ್ರೇಮ್ ಇದ್ದರೂ 1/50 ಇಡುತ್ತೇನೆ. ಆಂಗಲ್ 216 ಆಗುತ್ತದೆ, ಆಗಲಿ. ಯಾರಿಗೂ ಗೊತ್ತಾಗುವುದಿಲ್ಲ.

ಸ್ಲೋ ಮೋಷನ್ ಮಾಡುವವರು ಇನ್ನೊಂದು ಕಡೆ ಎಡವುತ್ತಾರೆ. 50 ಫ್ರೇಮ್‌ಗೆ ಬದಲಾಯಿಸುತ್ತಾರೆ, ಶಟರನ್ನು 1/50ರಲ್ಲೇ ಬಿಡುತ್ತಾರೆ. ಆಗ ಕೋಲು ಫ್ರೇಮಿಗೆ 10 ಸೆಂಟಿಮೀಟರ್ ಸರಿಯುತ್ತದೆ, ಗೆರೆಯೂ 10 ಸೆಂಟಿಮೀಟರ್. ನಿಧಾನ ಮಾಡಿ ನೋಡಿದರೆ ಮೇಲೆ ಹೇಳಿದ ಅದೇ ಅಂಬಲಿ. 50ಕ್ಕೆ 1/100 ಇರಬೇಕು. ಕ್ಯಾಮೆರಾದಲ್ಲಿ ಶಟರನ್ನು ಆಂಗಲ್‌ನಲ್ಲಿ ತೋರಿಸುವ ಆಯ್ಕೆ ಇದ್ದರೆ 180 ಎಂದು ಇಟ್ಟುಬಿಡಿ, ಇದನ್ನು ಅದೇ ನೋಡಿಕೊಳ್ಳುತ್ತದೆ.

ನಾನು ಬೇಕೆಂದೇ ನಿಯಮ ಮುರಿಯುವುದೂ ಉಂಟು. ಫೋನ್ ಕೈಯಲ್ಲಿ ಹಿಡಿದು ಮೆರವಣಿಗೆ ಜೊತೆ ನಡೆಯುವಾಗ 1/100 ಇಡುತ್ತೇನೆ. ಫೋನಿನ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಚೌಕಟ್ಟನ್ನು ಸರಿಸಿ ನೇರ ಮಾಡುತ್ತದೆ, ಆದರೆ ಹೆಜ್ಜೆ ಅದುರಿದಾಗ ಫ್ರೇಮ್ ಒಳಗೆ ಮೂಡಿದ ಮಬ್ಬನ್ನು ತೆಗೆಯಲಾರದು. 1/50ರಲ್ಲಿ ಚಿತ್ರ ನೆಟ್ಟಗೆ ನಿಂತಿರುತ್ತದೆ, ಆದರೆ ಪ್ರತಿ ಹೆಜ್ಜೆಗೂ ಒಮ್ಮೆ ಮಬ್ಬಾಗಿ ಸರಿಯಾಗುತ್ತದೆ. ಆ ಬಡಿತ ಕೋಲಿನ ಕಟಕಟಕ್ಕಿಂತ ಕೆಟ್ಟದು. ಗಿಂಬಲ್ ಇದ್ದರೆ ಈ ತಂಟೆ ಇಲ್ಲ.

ತೆಗೆದದ್ದು ಸರಿ ಇದೆಯೋ ಇಲ್ಲವೋ ಅಲ್ಲೇ ನೋಡಬಹುದು. ಕೋಲು ಜೋರಾಗಿ ಬೀಸುವ ಕಡೆ ವಿಡಿಯೋ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಹೋಗಿ. ಕೋಲಿನ ಗೆರೆ ಎಷ್ಟು ಉದ್ದ, ಅದು ಮುಗಿದಲ್ಲಿಂದ ಮುಂದಿನ ಗೆರೆ ಎಷ್ಟು ದೂರ? ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ 180 ಸಿಕ್ಕಿದೆ. ಗೆರೆಯೇ ಇಲ್ಲದೆ ಕೋಲಿನ ಗಂಟು ಕೂಡ ಎಣಿಸುವ ಹಾಗೆ ಕಂಡರೆ ಶಟರ್ ಇನ್ನೂ ಆಟೋದಲ್ಲೇ ಇದೆ. ಬಂಡಿಗಳು ಮುಂದೆ ಹೋಗುವ ಮೊದಲು ಇನ್ನೊಮ್ಮೆ ತೆಗೆದುಕೊಳ್ಳಿ.